ನೋಟ್‌ಬುಕ್ ಒಪ್ಪಿಸುವುದೂ ಪಾಠ ಯೋಜನೆಯಲ್ಲಿ ಇರಲಿ

"ಮೊದಲ ವಾರ ಪಾಠ ಬಿಟ್ಟು ಬರೀ ಶಿಸ್ತು ಕಲಿಸ್ಬೇಕಾ ಮೇಡಂ? ಸಿಲಬಸ್ ಹಿಂದೆ ಬೀಳಲ್ವಾ?"

ಪಾಠ ಬಿಡಬೇಡಿ. ಬಿಡಿ ಅಂತ ಹೇಳಿದವರು ಯಾರು? ಮಂಡ್ಯದ ಸುತ್ತಮುತ್ತ ಹೊಸದಾಗಿ ಸೇರಿದ ಅತಿಥಿ ಶಿಕ್ಷಕರೆಲ್ಲ ಹೀಗೇ ಕೇಳುತ್ತಾರೆ, ಪಾಠ ಒಂದು ಕಡೆ, ಶಿಸ್ತು ಇನ್ನೊಂದು ಕಡೆ ಅನ್ನುವ ಹಾಗೆ. ಅವರ ಯೋಜನೆ ಪುಸ್ತಕ ತೆರೆದರೆ ಸೋಮವಾರದ ಪುಟದಲ್ಲಿ "ತರಗತಿಯ ನಿಯಮಗಳನ್ನು ತಿಳಿಸುವುದು" ಅಂತ ಒಂದೇ ಸಾಲು. ಮಕ್ಕಳು ಹತ್ತು ನಿಯಮಗಳನ್ನು ಒಟ್ಟಿಗೆ ಓದುತ್ತಾರೆ, ಚಾರ್ಟ್ ಗೋಡೆ ಹತ್ತುತ್ತದೆ. ಅದರಿಂದ ಮಕ್ಕಳು ಮಾಡಲು ಕಲಿತದ್ದು ಏನೂ ಇಲ್ಲ.

ಜೂನ್ ಶುರುವಿನಲ್ಲಿ ನಮಗೆ ಸೇತುಬಂಧ ಇದೆ. ಹಿಂದಿನ ತರಗತಿಯ ಕಲಿಕೆಯನ್ನೇ ಮತ್ತೆ ನೋಡುವ ದಿನಗಳವು. ಹೊಸ ಅಭ್ಯಾಸ ಕೂರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ, ಯಾಕೆಂದರೆ ಲೆಕ್ಕವೂ ಹೊಸದು, ಕೂರುವ ಏಳುವ ರೀತಿಯೂ ಹೊಸದು ಆದರೆ ಮಗು ಎರಡರಲ್ಲಿ ಒಂದನ್ನು ಕೈಬಿಡುತ್ತದೆ. ಲೆಕ್ಕ ಹಳೆಯದಿದ್ದಾಗ ಗಮನ ಬಿಡುವಾಗಿರುತ್ತದೆ.

ಐದನೇ ತರಗತಿ, 36 ಮಕ್ಕಳು, ಆರು ಸಾಲು, ಸಾಲಿಗೆ ಆರು ಜನ ಅಂತ ಇಟ್ಟುಕೊಳ್ಳಿ. ಮಂಗಳವಾರದ 40 ನಿಮಿಷದ ಗಣಿತ ಪಾಠ. ವಿಷಯ ನಾಲ್ಕಂಕಿ ಸಂಖ್ಯೆಗಳ ಸ್ಥಾನಬೆಲೆ. ಕಲಿಕಾ ಉದ್ದೇಶದ ಕೆಳಗೆ ಎರಡನೆಯ ಉದ್ದೇಶ ಬರೆಯಿರಿ: "ಸದ್ದಿಲ್ಲದೆ, ಒಂದೂವರೆ ನಿಮಿಷದೊಳಗೆ ನೋಟ್‌ಬುಕ್ ಒಪ್ಪಿಸುವುದು." ಮೊದಲ 25 ನಿಮಿಷ ಸ್ಥಾನಬೆಲೆ, ಮೂರು ಲೆಕ್ಕ. ಆಮೇಲೆ 12 ನಿಮಿಷ ಈ ಅಭ್ಯಾಸಕ್ಕೆ. ಮೊದಲು ಹೇಳಿ: ಇವತ್ತಿನ ಪುಟ ತೆರೆದಿರಲಿ, ಹಿಂದಿನವರು ಮುಂದಿನವರ ಭುಜದ ಪಕ್ಕದಿಂದ ಕೊಡಲಿ, ಪಡೆದವರು ತಮ್ಮದನ್ನು ಮೇಲಿಟ್ಟು ಮುಂದೆ ದಾಟಿಸಲಿ, ಮುಂದಿನ ಬೆಂಚಿಗೆ ಬಂದ ಕಟ್ಟು ಕಿಟಕಿ ಕಡೆಯಿಂದ ಬಾಗಿಲ ಕಡೆಗೆ ಸಾಗಲಿ. ಆಮೇಲೆ ಒಂದೇ ಸಾಲಿನಿಂದ ಮಾಡಿಸಿ, ಉಳಿದವರು ನೋಡಲಿ. ತಪ್ಪು ರೀತಿಯನ್ನು ನೀವೇ ಮಾಡಿ ತೋರಿಸಿ, ಮಕ್ಕಳ ಕೈಲಿ ಮಾಡಿಸಬೇಡಿ. ನಗು ಸಿಕ್ಕಿದ ತಪ್ಪು ನಾಳೆಯೂ ಬರುತ್ತದೆ. ಕೊನೆಗೆ ಎಲ್ಲರೂ ಎರಡು ಸಲ ಮಾಡಲಿ, ನೀವು ಗಡಿಯಾರ ನೋಡಿ.

ನೋಟ್‌ಬುಕ್ ಅಡ್ಡಾದಿಡ್ಡಿ ಬಂದರೆ ಬೈಯಬೇಡಿ, ಹಿಂದಿರುಗಿಸಿ ಮತ್ತೆ ಮಾಡಿಸಿ. ಸಿಲಬಸ್ ಚಿಂತೆ ಇದ್ದವರು ಲೆಕ್ಕ ಹಾಕಿ ನೋಡಿ: ಕಲಿಸದ ತರಗತಿಯಲ್ಲಿ ಇದಕ್ಕೆ ಐದು ನಿಮಿಷ ಹೋಗುತ್ತದೆ, ಕಲಿತದ್ದರಲ್ಲಿ ಒಂದು ಸಾಕು. ಉಳಿದ ನಾಲ್ಕು ನಿಮಿಷ ಒಂದು ಅವಧಿಯ ಹತ್ತನೇ ಒಂದು ಭಾಗ. ಮೂರು ಅವಧಿಯಲ್ಲೇ ಹಾಕಿದ 12 ನಿಮಿಷ ವಾಪಸ್.

ಯಾರಾದರೂ ಕೇಳಬೇಕಾದ್ದು ಬೇರೆಯೇ ಇದೆ: ಸೋಮವಾರ ಚೆನ್ನಾಗಿ ನಡೆದದ್ದು ಗುರುವಾರಕ್ಕೆ ಯಾಕೆ ಕೆಡುತ್ತದೆ? ಇದನ್ನು ಯಾರೂ ಕೇಳುವುದಿಲ್ಲ.

ಮೌನಕ್ಕಾಗಿ ಕೈ ಎತ್ತುವ ಸಂಜ್ಞೆಯನ್ನೇ ನೋಡಿ. ಸೋಮವಾರ ಶಿಕ್ಷಕರು ಕೈ ಎತ್ತಿ ಪೂರ್ತಿ ಮೌನ ಬರುವವರೆಗೂ ಕಾಯುತ್ತಾರೆ. ಬುಧವಾರ ಅವಸರ, ನಾಲ್ಕು ಮಕ್ಕಳು ಇನ್ನೂ ಮಾತಾಡುತ್ತಿರುವಾಗಲೇ ಪಾಠ ಶುರು. ಕೈ ಎತ್ತಿದ ಮೇಲೂ ಮಾತಾಡಬಹುದು ಅಂತ ಆ ಕ್ಷಣವೇ ಇಡೀ ತರಗತಿಗೆ ಕಲಿಸಿದ ಹಾಗಾಯಿತು. ಕೈ ಎತ್ತಿದಲ್ಲಿಂದ ಮೌನದವರೆಗೆ ಎಷ್ಟು ಸೆಕೆಂಡು ಅಂತ ಮನಸ್ಸಿನಲ್ಲೇ ಎಣಿಸಿ ಯೋಜನೆಯ ಅಂಚಿನಲ್ಲಿ ಬರೆಯಿರಿ. ಸೋಮವಾರ 8 ಇದ್ದದ್ದು ಗುರುವಾರ 15 ಆಗಿದ್ದರೆ ಕೆಟ್ಟಿದೆ ಅಂತಲೇ ಅರ್ಥ. ಶುಕ್ರವಾರ ಹೊಸದೇನೂ ಬೇಡ, ಅದನ್ನೇ ಮೊದಲಿನಿಂದ ಕಲಿಸಿ. ನಿರೀಕ್ಷೆಯನ್ನೂ ಕಣ್ಣಿಗೆ ಕಾಣುವ ಹಾಗೆ ಬರೆಯಿರಿ. "ಗಲಾಟೆ ಮಾಡಬಾರದು" ಅಂದರೆ ಮಗು ಏನು ಮಾಡಬೇಕು? "ಪೆನ್ಸಿಲ್ ಕೆಳಗೆ, ಕಣ್ಣು ಟೀಚರ್ ಕಡೆ" ಅಂದರೆ ಮಾಡಿದ್ದಾರೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ದಿನಕ್ಕೆ ಒಂದೇ ಹೊಸ ಅಭ್ಯಾಸ ಸಾಕು. ಸೋಮವಾರ ಕೈ ಸಂಜ್ಞೆ, ಮಂಗಳವಾರ ನೋಟ್‌ಬುಕ್, ಬುಧವಾರ ಜೋಡಿಯಲ್ಲಿ ಮಾತು, ಗುರುವಾರ ಮೂರನ್ನೂ ಒಂದೇ ಪಾಠದಲ್ಲಿ. ಒಂದನೇ ತರಗತಿಗೆ ಈ ವೇಗ ಜಾಸ್ತಿ, ಅಲ್ಲಿ ಒಂದಕ್ಕೆ ಎರಡು ಮೂರು ದಿನ ಕೊಡಿ. ಒಂದೇ ಮಗು ಪ್ರತಿ ಸಲ ತಡವಾಗಿ ಕೈ ನೋಡುತ್ತಿದ್ದರೆ ಹಟ ಅಂದುಕೊಳ್ಳುವ ಮೊದಲು ಮುಂದಿನ ಬೆಂಚಿಗೆ ಕರೆದು ಕೂರಿಸಿ. ಕಣ್ಣು ಸರಿಯಾಗಿ ಕಾಣದೇ ಇರಬಹುದು.

ಜೂನ್ ಪೂರ್ತಿ ಹೊಸ ಮಕ್ಕಳು ಸೇರುತ್ತಲೇ ಇರುತ್ತಾರೆ. ಕಬ್ಬು ಕಡಿಯಲು ಬಂದ ಕುಟುಂಬದ ಮಗು ತಿಂಗಳ ಕೊನೆಗೂ ಬಂದೀತು. ಅದಕ್ಕೆ ಪಕ್ಕದಲ್ಲಿ ಕೂರುವ ಒಬ್ಬರನ್ನು ಜೊತೆ ಮಾಡಿ, ಆ ದಿನದ ಯೋಜನೆಯಲ್ಲಿ ಮೂರು ನಿಮಿಷ ಇಟ್ಟು ಇಡೀ ತರಗತಿಯಿಂದಲೇ ಒಂದು ಸಲ ನೋಟ್‌ಬುಕ್ ದಾಟಿಸಿ ತೋರಿಸಿ.