ಟೆಂಪೋ ಡ್ರೈವರನ ಹೆಸರಲ್ಲಿ ಏಳು ಲಕ್ಷ ಬಾಕಿ

ನಮ್ಮ ಅಂಗಡಿಗೆ ಅತಿ ಹೆಚ್ಚು ಸಾಲ ಕೊಡಬೇಕಾದವರು ಯಾರು ಅಂತ ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಗೊತ್ತಾಯಿತು. ಯಾರೋ ದೊಡ್ಡ ತೋಟದವರಲ್ಲ. ನಮ್ಮದೇ ಟೆಂಪೋ ಓಡಿಸುವ ಹುಡುಗ. ಏಳು ಲಕ್ಷ ಚಿಲ್ಲರೆ. ಅವನು ನಮ್ಮಲ್ಲಿ ಕೊಂಡದ್ದು ಮನೆಯ ಹಿಂದಿನ ನಾಲ್ಕು ಬಾಳೆಗೆ ನೀರು ಬಿಡಲು ಒಂದು ಪೈಪು, ಅದರಲ್ಲಿ 640 ರೂಪಾಯಿ ಬಾಕಿ.

ನಮ್ಮದು ಗೊಬ್ಬರ, ಮೈಲುತುತ್ತು, ಸ್ಪ್ರೇಯರ್, ಪಂಪು, ಪೈಪಿನ ಅಂಗಡಿ. ಒಂದು ಕಾಸರಗೋಡು ಪೇಟೆಯಲ್ಲಿ, ಇನ್ನೊಂದು ಬದಿಯಡ್ಕದಲ್ಲಿ. ಕಾಸರಗೋಡಿನ ಲೆಕ್ಕ ಹಳೇ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿತ್ತು. ಬದಿಯಡ್ಕದ್ದು ಕೌಂಟರಿನ ಹುಡುಗ ತನಗೆ ತೋಚಿದ ಹಾಗೆ ಬೆಳೆಸಿಕೊಂಡು ಬಂದ ಎಕ್ಸೆಲ್ ಶೀಟು. ಎರಡನ್ನೂ ಸೇರಿಸಿ ಒಂದೇ ಗಿರಾಕಿ ಪಟ್ಟಿ ಮಾಡಿ ಹೊಸ ಸಾಫ್ಟ್‌ವೇರಿಗೆ ಏರಿಸಬೇಕಿತ್ತು. ಅದೂ ಮಳೆಗೆ ಮೊದಲು. ಬೋರ್ಡೋ ಸಿಂಪಡಣೆಗೆ ಜನ ಸಾಲದಲ್ಲಿ ಒಯ್ಯುವ ಹೊತ್ತಿಗೆ ಹಳೇ ಬಾಕಿ ಎಷ್ಟಿದೆ ಅಂತ ಎರಡೂ ಕಡೆ ಕಾಣಬೇಕು ಅನ್ನೋದು ಧಣಿಗಳ ಆಸೆ. ಆಸೆ ತಪ್ಪಲ್ಲ. ಕೆಲವರು ಬದಿಯಡ್ಕದಲ್ಲಿ ಬಾಕಿ ಇಟ್ಟು ಕಾಸರಗೋಡಿನಲ್ಲಿ ಹೊಸ ಸಾಲ ಮಾಡುತ್ತಿದ್ದರು.

ಸಾಫ್ಟ್‌ವೇರಿನವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಮೊಬೈಲ್ ನಂಬರ್ ಯೂನಿಕ್ ಇರಬೇಕು ಸಾರ್, ಉಳಿದದ್ದು ನಾವು ನೋಡಿಕೊಳ್ತೇವೆ." ನನಗೂ ಅದು ಸರಿಯಾಗಿಯೇ ಕಂಡಿತು. ನಮ್ಮ ಊರಿನ ಹೆಸರುಗಳನ್ನು ನಂಬಿ ಪಟ್ಟಿ ಸೇರಿಸಲು ಆಗುತ್ತದಾ? ಕಾಸರಗೋಡಿನ ಶೀಟಿನಲ್ಲಿ `K. Narayana Bhat`, ಬದಿಯಡ್ಕದಲ್ಲಿ `Narayana Bhatt K`. ಇಲ್ಲಿ `K.M. Abdul Rahiman`, ಅಲ್ಲಿ `Abdurahman K M`. ಕೆಲವರು ಇನಿಶಿಯಲ್ ಮೊದಲು ಬರೆಯುತ್ತಾರೆ, ಕೆಲವರು ಕೊನೆಗೆ. ನಮ್ಮಲ್ಲಿ ಎರಡೂ ನಡೆಯುತ್ತವೆ. ನಂಬರಾದರೆ ಹತ್ತು ಅಂಕಿ, ತಕರಾರಿಲ್ಲ ಅಂದುಕೊಂಡೆವು.

ಮೊದಲ ಕೆಲಸ ನಂಬರನ್ನು ಒಂದೇ ರೂಪಕ್ಕೆ ತರುವುದು. ಒಂದು ಶೀಟಿನಲ್ಲಿ 91 ಸೇರಿಸಿ ಬರೆದದ್ದು, ಇನ್ನೊಂದರಲ್ಲಿ ಸೊನ್ನೆಯಿಂದ ಶುರುವಾದದ್ದು, ನಡುವೆ ಸ್ಪೇಸು, ಅಡ್ಡಗೆರೆ. ಅದಕ್ಕಿಂತ ದೊಡ್ಡ ಕಿರಿಕಿರಿ ಅಂದರೆ ಕೆಲವು ಸೆಲ್‌ನಲ್ಲಿ ನಂಬರು ಅಂಕಿಯಾಗಿ ಕೂತಿರುತ್ತದೆ, ಕೆಲವಲ್ಲಿ ಟೆಕ್ಸ್ಟ್ ಆಗಿ. ಕಣ್ಣಿಗೆ ಎರಡೂ ಒಂದೇ. ಆದರೆ `VLOOKUP`ಗೆ ಅವು ಬೇರೆ ಬೇರೆ, ಎದುರಿಗೇ ಇದ್ದರೂ `#N/A` ಅನ್ನುತ್ತದೆ. ಈ ಫಾರ್ಮುಲಾ ಎರಡನ್ನೂ ಟೆಕ್ಸ್ಟ್ ಮಾಡಿ ಕೊನೆಯ ಹತ್ತು ಅಂಕಿ ಕೊಡುತ್ತದೆ:

```
=RIGHT(SUBSTITUTE(SUBSTITUTE(SUBSTITUTE(D2," ",""),"-",""),"+",""),10)
```

ಇದಕ್ಕೂ ಮಿತಿ ಇದೆ. ಒಂದೇ ಸೆಲ್‌ನಲ್ಲಿ ಅಪ್ಪನ ನಂಬರು, ಗೆರೆ ಹಾಕಿ ಮಗನ ನಂಬರು ಇದ್ದರೆ ಮಗನದು ಮಾತ್ರ ಉಳಿಯುತ್ತದೆ. 04994ರಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರಿನ ಸೊನ್ನೆ ಹೋಗಿ ಅದೂ ಹತ್ತಂಕಿಯ ಮೊಬೈಲಿನ ವೇಷ ಹಾಕುತ್ತದೆ. 4ರಿಂದ ಶುರುವಾಗುತ್ತದೆ ಅನ್ನೋದೇ ಅದರ ಗುರುತು. ಹಾಗಾಗಿ `RIGHT` ಹಾಕುವ ಮೊದಲಿನ ಉದ್ದವನ್ನು `LEN`ನಿಂದ ಇನ್ನೊಂದು ಕಾಲಂನಲ್ಲಿ ತೆಗೆದು, 10, 11, 12 ಬಿಟ್ಟು ಬೇರೆ ಏನು ಬಂದರೂ, 4ರಿಂದ ಶುರುವಾದದ್ದನ್ನೂ ಪಕ್ಕಕ್ಕಿಟ್ಟು ಕೈಯಲ್ಲೇ ಸರಿ ಮಾಡಿದೆವು. ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಆಮೇಲೆ ಎರಡೂ ಶೀಟನ್ನು ಒಂದರ ಕೆಳಗೆ ಒಂದು ಹಾಕಿ, ಒಂದು ನಂಬರಿಗೆ ಎಷ್ಟು ಬಾಕಿ ಅಂತ `SUMIFS`ನಲ್ಲಿ ಕೂಡಿ, ಬಂದ ಉತ್ತರವನ್ನು ಫಾರ್ಮುಲಾ ಬಿಟ್ಟು ಬರೀ ಅಂಕಿಯಾಗಿ ಅಂಟಿಸಿ, ಕೊನೆಗೆ ನಂಬರಿನ ಕಾಲಂ ಹಿಡಿದು `Remove Duplicates` ಒತ್ತಿದೆವು. ಅದು ಪ್ರತಿ ನಂಬರಿನ ಮೊದಲ ಸಾಲನ್ನು ಉಳಿಸಿ ಮಿಕ್ಕದ್ದನ್ನು ಎತ್ತಿಬಿಡುತ್ತದೆ. ಯಾವುದು ಹೋಯಿತು ಅಂತ ತೋರಿಸುವುದಿಲ್ಲ, ಎಷ್ಟು ಹೋಯಿತು ಅಂತ ಮಾತ್ರ ಹೇಳುತ್ತದೆ. ಬಾಕಿ ಮೊತ್ತ ತಾಳೆ ನೋಡಿದೆವು. ಸೇರಿಸುವ ಮೊದಲು ಎರಡು ಶೀಟಿನ ಒಟ್ಟು, ಸೇರಿಸಿದ ಮೇಲಿನ ಒಟ್ಟು, ಪೈಸೆಗೆ ಪೈಸೆ ಸರಿ. ಧಣಿಗಳಿಗೆ ಖುಷಿ. ಒಳಗಿನಿಂದ ಚಾ ಬಂತು. ಸಾಫ್ಟ್‌ವೇರಿನ ಹುಡುಗ ರಿಮೋಟಿನಲ್ಲಿ ನಮ್ಮ ಸ್ಕ್ರೀನು ಹಿಡಿದು, ಅಪ್‌ಲೋಡ್ ಮಾಡಲಾ ಅಂತ ಮೂರು ಸಲ ಟೈಪ್ ಮಾಡಿದ.

ತಡೆದದ್ದು ನಮ್ಮ ಲೆಕ್ಕದ ಅಕ್ಕ. ಅವರಿಗೆ ಎಕ್ಸೆಲ್ ಅಷ್ಟಕ್ಕಷ್ಟೆ. ಆದರೆ ಯಾರ ಮನೆ ಎಲ್ಲಿ, ಯಾರು ಅಡಿಕೆ ಮಾರಿದ ಮೇಲೆ ಕೊಡುವವರು, ಯಾರು ಕೇಳಿದರೆ ಮಾತ್ರ ಕೊಡುವವರು ಅನ್ನೋದೆಲ್ಲ ಬಾಯಿಪಾಠ. "ಒಮ್ಮೆ ಜಾಸ್ತಿ ಬಾಕಿಯವರು ಮೇಲೆ ಬರುವ ಹಾಗೆ ಮಾಡು ಮಾರಾಯಾ, ನಾಲ್ಕು ಹೆಸರು ನೋಡ್ತೇನೆ" ಅಂದರು. ಸಾರ್ಟ್ ಮಾಡಿದೆ. ಮೊದಲ ಸಾಲಿನಲ್ಲಿ ಟೆಂಪೋ ಡ್ರೈವರ್. ಎರಡನೇ ಸಾಲಿನಲ್ಲಿ ಕುಂಬಳೆ ಕಡೆಯ ಒಬ್ಬರು, ಎಂದೂ ಸಾಲ ಮಾಡದವರು. ಅಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಧಣಿಗಳ ಕೈಯ ಗ್ಲಾಸು ಅಲ್ಲೇ ನಿಂತಿತು. "ಮೊತ್ತ ಸರಿ ಇದೆಯಲ್ಲ ಮತ್ತೆ?" ಅಂತ ಅವರು ಕೇಳಿದರು. ಮೊತ್ತ ಸರಿಯೇ ಇತ್ತು. ಅಲ್ಲಿಯೇ ನಾವು ಬೇಸ್ತು ಬಿದ್ದದ್ದು.

ಒಂದು ಸಾಲು ಕಳೆದುಹೋದರೆ ಒಟ್ಟು ಮೊತ್ತ ಕಡಿಮೆಯಾಗುತ್ತದೆ, ಸಿಕ್ಕಿಬೀಳುತ್ತದೆ. ಬೇರೆ ಬೇರೆ ಜನರನ್ನು ಒಬ್ಬನೇ ಅಂತ ಸೇರಿಸಿದರೆ ದುಡ್ಡು ಎಲ್ಲೂ ಹೋಗುವುದಿಲ್ಲ, ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹೋಗಿ ಕೂರುತ್ತದೆ ಅಷ್ಟೆ. ಅದಕ್ಕೆ ಮೊತ್ತದ ತಾಳೆ ಪೂರ್ತಿ ಕುರುಡು. ಅದನ್ನು ಹಿಡಿಯುವುದು ಬೇರೆ ಲೆಕ್ಕ: ಒಂದು ನಂಬರು ಎಷ್ಟು ಸಾಲಿನಲ್ಲಿದೆ ಅನ್ನೋದು. ಸೇರಿಸುವ ಮೊದಲಿನ ಶೀಟಿಗೆ ಹೋಗಿ ಹೊಸ ಕಾಲಂ ಹಾಕಿದೆವು. H ಅಂದರೆ ಹತ್ತಂಕಿಗೆ ತಂದ ನಂಬರಿನ ಕಾಲಂ.

```
=COUNTIF(H:H,H2)
```

ಇದನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿ. ಎರಡು ಅಂಗಡಿ ಅಂದ ಮೇಲೆ ಒಬ್ಬ ಗಿರಾಕಿ ಎರಡು ಸಲ ಬರಬಹುದು. ಸ್ಪೆಲಿಂಗ್ ವ್ಯತ್ಯಾಸದಿಂದ ಮೂರು, ನಾಲ್ಕು. ಮೂವತ್ತು ಬಂದರೆ ಅದು ಗಿರಾಕಿಯ ನಂಬರೇ ಅಲ್ಲ.

ಟೆಂಪೋದವನ ನಂಬರು ಹೀಗೆ ಸೇರಿಕೊಂಡದ್ದು: ನೀರ್ಚಾಲು, ಪೆರ್ಲ ಕಡೆಗೆ ಸಾಮಾನು ಕಳಿಸುವಾಗ ಗಿರಾಕಿಯ ನಂಬರು ಕೇಳಲು ಬದಿಯಡ್ಕದ ಹುಡುಗನಿಗೆ ಪುರುಸೊತ್ತಿರಲಿಲ್ಲ. ಸಾಮಾನು ಯಾರು ಒಯ್ದನೋ ಅವನ ನಂಬರು ಬರೆದಿದ್ದ. ಅವನನ್ನು ಬೈದು ಪ್ರಯೋಜನವಿಲ್ಲ, ಅವನ ಶೀಟಿನಲ್ಲಿ ಆ ಕಾಲಂನ ತಲೆಬರಹ ಬರೀ `Contact`. ಡೆಲಿವರಿಗೆ ಯಾರನ್ನು ಕೇಳಬೇಕು ಅನ್ನುವ ಅರ್ಥದಲ್ಲಿ ಅವನು ಬರೆದದ್ದು ಸರಿಯೇ.

ಎರಡನೇ ಗುಂಪು ಇನ್ನೂ ತಮಾಷೆಯದು. ನಂಬರು `9447000000`. ಈ ನಂಬರು ಕಾಸರಗೋಡಿನ ಎಕ್ಸ್‌ಪೋರ್ಟಿನಲ್ಲಿ ಹತ್ತಾರು ಮಂದಿಗೆ! ಹಳೇ ಸಾಫ್ಟ್‌ವೇರು ಎಸ್ಸೆಮ್ಮೆಸ್‌ಗೋಸ್ಕರ 91 ಸೇರಿಸಿ ಹನ್ನೆರಡು ಅಂಕಿಯನ್ನು ಸಿಎಸ್‌ವಿ ಫೈಲಿಗೆ ಕೊಡುತ್ತದೆ. ಆ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಹನ್ನೆರಡು ಅಂಕಿಯನ್ನು `9.19447E+11` ಅಂತ ತೋರಿಸುತ್ತದೆ. ಬರೀ ನೋಡಿ ಮುಚ್ಚಿದರೆ ಏನೂ ಆಗುವುದಿಲ್ಲ. ಸೇವ್ ಒತ್ತಿದರೆ ಸ್ಕ್ರೀನಿನಲ್ಲಿ ಕಂಡಷ್ಟೇ ಫೈಲಿಗೆ ಹೋಗುತ್ತದೆ. ಮುಂದಿನ ಸಲ ತೆರೆದಾಗ ಅದು 919447000000. 9447 ನಮ್ಮ ಕೇರಳದ ಬಿಎಸ್ಸೆನ್ನೆಲ್ ಸೀರೀಸು, ಹಳೇ ಗಿರಾಕಿಗಳಲ್ಲಿ ಬಹಳ ಮಂದಿಯದು ಅದೇ. ಅವರೆಲ್ಲ ಒಂದೇ ನಂಬರಾದರು. ಆರನೇ ಅಂಕಿಗೆ ರೌಂಡ್ ಆಗುವುದರಿಂದ ಕೆಲವರು `9448000000` ಆಗಿದ್ದರು. ಕೊನೆಯಲ್ಲಿ ಆರು ಸೊನ್ನೆ ಕಂಡರೆ ಇದೇ ಕಾಯಿಲೆ ಅಂತ ತಿಳಿಯಿರಿ. ಹಾಳಾದ ಫೈಲಿನಿಂದ ನಂಬರು ವಾಪಸ್ ಬರುವುದಿಲ್ಲ. ಅದೃಷ್ಟಕ್ಕೆ ಹಳೇ ಸಾಫ್ಟ್‌ವೇರು ಇನ್ನೂ ಬದುಕಿತ್ತು. ಮತ್ತೆ ಎಕ್ಸ್‌ಪೋರ್ಟ್ ತೆಗೆದು, ಈ ಸಲ `Data` ಮೆನುವಿನ `From Text/CSV`ನಲ್ಲಿ ತೆರೆದು, `Transform Data`ಗೆ ಹೋಗಿ ನಂಬರಿನ ಕಾಲಂ `Text` ಮಾಡಿ ತಂದೆವು.

ಇವೆರಡು ಹೋದ ಮೇಲೂ ಒಂದೇ ನಂಬರಿಗೆ ಎರಡು ಮೂರು ಹೆಸರು ಇರುವ ಗುಂಪುಗಳು ಉಳಿದವು. ಇಲ್ಲಿ ನಂಬರು ನಿಜವಾದದ್ದೇ. ಆದರೆ ಮನೆಗೆ ಒಂದೇ ಮೊಬೈಲು. ಬಿಲ್ಲು ಒಮ್ಮೆ ಅಪ್ಪನ ಹೆಸರಿಗೆ, ಒಮ್ಮೆ ಮಗನಿಗೆ, ಕೃಷಿಭವನಕ್ಕೆ ಕೊಡಲಿಕ್ಕಾದರೆ ಜಾಗ ಯಾರ ಹೆಸರಲ್ಲಿದೆಯೋ ಅವರಿಗೆ. ಹಿಸ್ಸೆ ಆದ ಮನೆಯಲ್ಲಿ ಅಣ್ಣನ ಬಾಕಿಯನ್ನು ತಮ್ಮನಿಗೆ ಸೇರಿಸಿ ನೋಡಿ, ಎಂಥ ಮಾತು ಕೇಳಬೇಕಾಗುತ್ತದೆ! ಹಾಗಾಗಿ ನಂಬರಿನ ಜೊತೆ ಹೆಸರೂ ಹೊಂದಿದರೆ ಮಾತ್ರ ತಾನಾಗಿ ಸೇರಿಸುವುದು ಅಂತ ಮಾಡಿಕೊಂಡೆವು. ಹೆಸರಿನಿಂದ ಚುಕ್ಕೆ, ಸ್ಪೇಸು, ಒಂಟಿ ಅಕ್ಷರದ ಇನಿಶಿಯಲ್ ತೆಗೆಯಲು ಇದು, ಹೊಸ ಎಕ್ಸೆಲ್ 365ರಲ್ಲಿ ಓಡುತ್ತದೆ:

```
=LET(w,TEXTSPLIT(SUBSTITUTE(LOWER(B2),"."," ")," ",,TRUE),
 CONCAT(FILTER(w,LEN(w)>1,"")))
```

ಇನಿಶಿಯಲ್ ಹಿಂದಿರಲಿ ಮುಂದಿರಲಿ, ಎರಡೂ ಒಂದೇ ಆಗುತ್ತವೆ. `Bhat`, `Bhatt` ಮಾತ್ರ ಬೇರೆಯೇ ಉಳಿಯುತ್ತವೆ. ಉಳಿಯಲಿ. ಅವನ್ನೆಲ್ಲ ಪ್ರಿಂಟ್ ತೆಗೆದು ಅಕ್ಕನ ಎದುರಿಗಿಟ್ಟೆವು. ಅವರು ಪೆನ್ನಿನಲ್ಲಿ ಟಿಕ್, ಅಡ್ಡಗೆರೆ ಹಾಕುತ್ತಾ ಹೋದರು. ಅವರಿಗೂ ಖಾತ್ರಿ ಇಲ್ಲದ ಜೋಡಿಗಳನ್ನು ಸೇರಿಸಲೇ ಇಲ್ಲ. ಎರಡು ಖಾತೆಯನ್ನು ನಾಳೆ ಒಂದು ಮಾಡಬಹುದು, ಒಂದಾದ ಖಾತೆಯನ್ನು ಮತ್ತೆ ಬಿಡಿಸಬೇಕಾದರೆ ಹಳೇ ಬಿಲ್ಲೆಲ್ಲ ಹುಡುಕಬೇಕು. `Remove Duplicates` ಗುಂಡಿಯ ತಂಟೆಗೂ ಮತ್ತೆ ಹೋಗಲಿಲ್ಲ. ಯಾವ ಶೀಟು, ಎಷ್ಟನೇ ಸಾಲು, ಯಾವ ಹೊಸ ಕೋಡಿಗೆ ಸೇರಿತು ಅಂತ ಮೂರು ಕಾಲಂ ಇಟ್ಟು ಎಲ್ಲ ಸಾಲುಗಳನ್ನೂ ಉಳಿಸಿಕೊಂಡಿದ್ದೇವೆ. ಜಗಳಕ್ಕೆ ಬಂದವರಿಗೆ ತೋರಿಸಲು ಅದೇ ಶೀಟು.

ಗಡಿಯ ಊರಾದ್ದರಿಂದ ಇನ್ನೊಂದು. ಚಿಲ್ಲರೆ ಅಂಗಡಿಯವರಿಗೂ ನಾವು ಮಾಲು ಕೊಡುತ್ತೇವೆ. ಒಬ್ಬರಿಗೆ ಉಪ್ಪಳದಲ್ಲೂ ಅಂಗಡಿ, ಮಂಗಳೂರಿನಲ್ಲೂ ಅಂಗಡಿ. ಹೆಸರು, ನಂಬರು, ಪ್ಯಾನ್ ಎಲ್ಲ ಒಂದೇ. ಡೂಪ್ಲಿಕೇಟ್ ಅಂತ ಯಾರಾದರೂ ಹೇಳುತ್ತಾರೆ. ಆದರೆ ಜಿಎಸ್‌ಟಿ ನಂಬರು ಒಂದು 32ರಿಂದ ಶುರು, ಇನ್ನೊಂದು 29ರಿಂದ. ಮೊದಲಿನದು ಕೇರಳ, ಎರಡನೆಯದು ಕರ್ನಾಟಕ. ಮಂಗಳೂರಿನ ಬಿಲ್ಲಿಗೆ ಐಜಿಎಸ್‌ಟಿ ಬೀಳಬೇಕು. ಸೇರಿಸಿದರೆ ತೆರಿಗೆಯೇ ತಪ್ಪುತ್ತದೆ. ಆದ್ದರಿಂದ ಜಿಎಸ್‌ಟಿ ನಂಬರು ಇರುವವರಿಗೆ ಅದರ ಹದಿನೈದೂ ಅಕ್ಷರ ಹೊಂದಿದರೆ ಮಾತ್ರ ಸೇರಿಸಿದ್ದು.

ಇಷ್ಟೆಲ್ಲ ಆದ ಮೇಲೆ ಅಪ್‌ಲೋಡಿಗೆ ಕೂತರೆ ಹೊಸ ಸಾಫ್ಟ್‌ವೇರು ಒಂದು ಮೊಬೈಲಿಗೆ ಎರಡು ಖಾತೆ ಒಪ್ಪುವುದಿಲ್ಲ, ಮೊಬೈಲ್ ಇಲ್ಲದ ಖಾತೆಯನ್ನೂ ಒಪ್ಪುವುದಿಲ್ಲ. ಅಪ್ಪನಿಗೆ ನಂಬರು ಕೊಟ್ಟು, ಮಗನ ಖಾತೆಗೆ ನಾವು ಕೊಟ್ಟ ಗಿರಾಕಿ ಕೋಡನ್ನೇ ಹತ್ತು ಅಂಕಿ ಮಾಡಿ ತುರುಕಿದ್ದೇವೆ, ನಿಜವಾದ ನಂಬರು ವಿಳಾಸದ ಎರಡನೇ ಸಾಲಿನಲ್ಲಿದೆ. ಮೊಬೈಲ್ ಕಡ್ಡಾಯ ಅನ್ನೋದನ್ನು ತೆಗೆದುಹಾಕಿ ಅಂತ ಕಂಪನಿಗೆ ಹೇಳಿದೆವು. ಮುಂದಿನ ಅಪ್‌ಡೇಟಿನಲ್ಲಿ ಬರುತ್ತದಂತೆ. ಟೆಂಪೋದವನು ಮಾತ್ರ ತನ್ನ 640 ರೂಪಾಯಿ ತಂದು ಕಟ್ಟಿ, ರಶೀದಿ ಕೇಳಿ ತೆಗೆದುಕೊಂಡು ಹೋದ.