ಇನ್ನೊಂದ್ಸಲ ಹೇಳಿ ಅಂತ ಕೇಳೋದು ತಪ್ಪಲ್ಲ

"ಮೇಡಂ, ಐಇಎಲ್‌ಟಿಎಸ್ ಸ್ಪೀಕಿಂಗ್‌ನಲ್ಲಿ ಎಕ್ಸಾಮಿನರ್ ಕೇಳಿದ್ದು ಅರ್ಥ ಆಗ್ಲಿಲ್ಲ ಅಂದ್ರೆ ಏನ್ ಮಾಡೋದು? ಮತ್ತೆ ಕೇಳಿದ್ರೆ ಮಾರ್ಕ್ಸ್ ಕಟ್ ಆಗುತ್ತಾ?"

ಆಗಲ್ಲ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ, ಅಂದರೆ ಎದುರು ಕೂತು ಮಾತಾಡುವಾಗ, ನೋಡುವುದು ನಾಲ್ಕೇ ವಿಷಯ. ಮಾತು ಸರಾಗವಾಗಿ, ಒಂದಕ್ಕೊಂದು ಹೊಂದಿಕೊಂಡು ಬರುತ್ತದಾ ಅನ್ನುವುದು, ಪದಗಳು, ವ್ಯಾಕರಣ, ಉಚ್ಚಾರಣೆ. ನಿಮ್ಮ ಕಿವಿಗೆ ಅಲ್ಲಿ ಅಂಕವಿಲ್ಲ. ಅದಕ್ಕೆ ಲಿಸನಿಂಗ್ ಅಂತ ಬೇರೆ ಪರೀಕ್ಷೆಯೇ ಇದೆ.

ಈ "ಕಟ್ ಆಗುತ್ತಾ" ಅನ್ನುವ ಮಾತು ಕೇಳಿದರೇ ನನಗೆ ಸಿಟ್ಟು ಬರುತ್ತದೆ. ಆ ಭಯದಲ್ಲೇ ಜನ ಅರ್ಧ ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತಾರೆ. ನನ್ನ ಹತ್ತಿರ ಕಲಿತ ಒಬ್ಬ ನರ್ಸ್‌ಗೆ ಆಗಿದ್ದೂ ಅದೇ. ಸ್ಪೀಕಿಂಗ್‌ನ ಮೂರು ಭಾಗಗಳಲ್ಲಿ ಮೊದಲನೆಯದರಲ್ಲಿ ಎಕ್ಸಾಮಿನರ್ "ಡು ಯು ವಾಕ್ ಅ ಲಾಟ್?" ಅಂತ ಕೇಳಿದ್ದಾರೆ. ಬ್ರಿಟಿಷ್ ಬಾಯಲ್ಲಿ ಅದು "ವಾಕ್" ಅಲ್ಲ, "ವೋಕ್". ಅವರು "ವರ್ಕ್" ಅನ್ನುವಾಗಲೂ ನಡುವಿನ "ರ್" ಕೇಳಿಸುವುದಿಲ್ಲ. ಹಾಗಾಗಿ ಇವಳು "ವರ್ಕ್" ಅಂದುಕೊಂಡು ನೈಟ್ ಡ್ಯೂಟಿಯ ಕಥೆ ಹೇಳಿದ್ದಾಳೆ. ಮುಂದಿನ ಪ್ರಶ್ನೆ, ಚಿಕ್ಕವರಿದ್ದಾಗಲೂ ತುಂಬಾ ನಡೆಯುತ್ತಿದ್ದಿರಾ ಅಂತ. ಇವಳಿಗೆ ಕೇಳಿಸಿದ್ದು, ಚಿಕ್ಕವರಿದ್ದಾಗಲೂ ತುಂಬಾ ಕೆಲಸ ಮಾಡುತ್ತಿದ್ದಿರಾ ಅಂತ! "ಇಲ್ಲ, ನಮ್ಮಲ್ಲಿ ಮಕ್ಕಳನ್ನು ದುಡಿಸುವ ಹಾಗಿಲ್ಲ, ನಾನು ಸ್ಕೂಲಿಗೆ ಹೋಗುತ್ತಿದ್ದೆ" ಅಂದಳಂತೆ. ಮೂರನೇ ಪ್ರಶ್ನೆಯಲ್ಲಿ "ಪಾರ್ಕ್" ಅನ್ನುವ ಪದ ಬಂದಾಗ ಎಲ್ಲ ಹೊಳೆಯಿತು. ಆಮೇಲೆ ಬಾಯೇ ಬರಲಿಲ್ಲ. ಹೊರಗೆ ಬಂದು ಫೋನಿನಲ್ಲಿ ಅತ್ತಳು.

ಎಕ್ಸಾಮಿನರ್ ಯಾಕೆ ತಿದ್ದಲಿಲ್ಲ ಅಂತ ಕೇಳಬೇಡಿ. ಅದು ಅವರ ಕೆಲಸ ಅಲ್ಲ. ಮೊದಲ ಭಾಗದಲ್ಲಿ ಅವರ ಕೈಯಲ್ಲಿ ಬರೆದಿಟ್ಟ ಪ್ರಶ್ನೆಗಳಿರುತ್ತವೆ. ಕೇಳಿದರೆ ಅದನ್ನೇ ಇನ್ನೊಮ್ಮೆ ಹೇಳುತ್ತಾರೆ, ಬಿಡಿಸಿ ವಿವರಿಸುವುದಿಲ್ಲ. ಮೂರನೇ ಭಾಗದಲ್ಲಿ ಮಾತ್ರ ಬೇರೆ ಮಾತಿನಲ್ಲಿ ಹೇಳಲು ಅವರಿಗೆ ಅವಕಾಶವಿದೆ. ಹಾಗಾಗಿ ಮೊದಲ ಭಾಗದಲ್ಲಿ "ಸಾರಿ, ಕುಡ್ ಯು ರಿಪೀಟ್ ದ ಕ್ವೆಶ್ಚನ್, ಪ್ಲೀಸ್?" ಸಾಕು. ಮೂರನೇ ಭಾಗದಲ್ಲಿ ಪ್ರಶ್ನೆ ಕೇಳಿಸಿದೆ, ಆದರೆ ತಲೆಗೆ ಹೋಗಿಲ್ಲ ಅಂದರೆ "ಕುಡ್ ಯು ಪುಟ್ ದಟ್ ಇನ್ ಅನದರ್ ವೇ, ಪ್ಲೀಸ್?" ಅನ್ನಿ.

"ವಾಟ್?" ಅಂತ ಮಾತ್ರ ಅನ್ನಬೇಡಿ. ನಾವು ಕನ್ನಡದಲ್ಲಿ "ಏನಂದ್ರಿ?" ಅಂದಾಗ ಮರ್ಯಾದೆ ಆ "ರಿ"ಯಲ್ಲೇ ಇರುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲ ಇಲ್ಲ. ಅದಕ್ಕೇ "ಸಾರಿ", "ಕುಡ್ ಯು", "ಪ್ಲೀಸ್" ಬೇಕು. ನಮ್ಮ ಆಫೀಸುಗಳಲ್ಲಿ ಓಡಾಡುವ "ಕಮ್ ಅಗೇನ್?" ಸ್ನೇಹಿತರ ನಡುವೆ ಸರಿ, ಪರೀಕ್ಷೆಯಲ್ಲಿ ಒರಟಾಗಿ ಕೇಳಿಸುತ್ತದೆ.

ಇಷ್ಟಕ್ಕೂ ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ತಪ್ಪಾಗಿ ಕೇಳಿಸಿಕೊಂಡಿದ್ದೇನೆ ಅಂತ ಗೊತ್ತಾಗೋದು ಹೇಗೆ? ಕೇಳಿಸಲೇ ಇಲ್ಲ ಅನ್ನುವವರು ಹೇಗೋ ಕೇಳುತ್ತಾರೆ. ಕೆಡುವುದು ತಪ್ಪು ಕೇಳಿಸಿಕೊಂಡು ಧೈರ್ಯವಾಗಿ ಮಾತಾಡಿದವರದು. ಇದಕ್ಕೊಂದು ಗುರುತಿದೆ. ಮೊದಲ ಭಾಗದ ಪ್ರಶ್ನೆಗಳು ಮನೆ, ಊಟ, ನಡಿಗೆ, ಹವಾಮಾನದಂಥ ತೀರಾ ಸಾಮಾನ್ಯ ವಿಷಯದವು. ಅಲ್ಲಿ ವಿಚಿತ್ರ ಪ್ರಶ್ನೆ ಕೇಳಿಸಿದರೆ ನಿಮ್ಮ ಕಿವಿಯನ್ನೇ ಮೊದಲು ಅನುಮಾನಿಸಿ. ಚಿಕ್ಕ ವಯಸ್ಸಿನಲ್ಲಿ ದುಡಿದಿರಾ ಅಂತ ಅಪರಿಚಿತರನ್ನು ಯಾರಾದರೂ ಕೇಳುತ್ತಾರಾ? ಅಲ್ಲೇ ಅವಳು ನಿಲ್ಲಬೇಕಿತ್ತು. ಆ ಒಂದು ಪದವನ್ನು ಎತ್ತಿ, "ಸಾರಿ, ಡಿಡ್ ಯು ಸೇ ವಾಕ್ ಆರ್ ವರ್ಕ್?" ಅಂದಿದ್ದರೆ ಮುಗಿಯುತ್ತಿತ್ತು.

ಹೊಳೆದಾಗ ತಡವಾಗಿದ್ದರೂ ದಾರಿ ಇದೆ. "ಸಾರಿ, ಐ ಥಿಂಕ್ ಐ ಮಿಸ್‌ಹರ್ಡ್ ಯು. ಐ ಥಾಟ್ ಯು ಸೆಡ್ ವರ್ಕ್" ಅನ್ನಿ. ಹಿಂದಿನ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಕೊಟ್ಟು ಈಗಿನದಕ್ಕೆ ಬನ್ನಿ. ಜಾಸ್ತಿ ಕ್ಷಮೆ ಕೇಳುತ್ತಾ ಕೂರಬೇಡಿ. ಇಡೀ ಸ್ಪೀಕಿಂಗ್ ಪರೀಕ್ಷೆ ಇರುವುದೇ 11ರಿಂದ 14 ನಿಮಿಷ.

ಪ್ರಶ್ನೆ ಚೆನ್ನಾಗಿ ಕೇಳಿಸಿ, ತಲೆ ಮಾತ್ರ ಖಾಲಿಯಾಗುವುದು ಬೇರೆ. ಆಗ ರಿಪೀಟ್ ಕೇಳಿ ಸಮಯ ಕದಿಯುವುದು ಒಂದೆರಡು ಸಲ ನಡೆದೀತು. ಪ್ರತಿ ಪ್ರಶ್ನೆಗೂ ಕೇಳಿದರೆ ಮಾತಿನ ಓಟವೇ ಕೆಡುತ್ತದೆ, ಅದಕ್ಕೆ ಅಂಕ ಹೋಗುತ್ತದೆ. ಅದಕ್ಕಿಂತ "ಲೆಟ್ ಮಿ ಥಿಂಕ್ ಫಾರ್ ಅ ಮೊಮೆಂಟ್" ಅಂದು ನಿಜವಾಗಿ ಯೋಚಿಸಿ. ಏನು ಹೇಳಲಿ ಅಂತ ತಡವರಿಸುವುದನ್ನು ಎಲ್ಲಕ್ಕಿಂತ ಮೇಲಿನ ಅಂಕವಾದ 9ರ ಬ್ಯಾಂಡಿನಲ್ಲೂ ಒಪ್ಪುತ್ತಾರೆ. ಪದ, ವ್ಯಾಕರಣ ಹುಡುಕುತ್ತಾ ತಡವರಿಸುವುದನ್ನು ಅಲ್ಲಿ ಒಪ್ಪುವುದಿಲ್ಲ. ಕಾರ್ಡಿನಲ್ಲಿ ಕೊಟ್ಟ ವಿಷಯದ ಮೇಲೆ ನೀವೊಬ್ಬರೇ ಮಾತಾಡುವ ಎರಡನೇ ಭಾಗದಲ್ಲಿ ಮಾತು ನಿಂತರೆ ಕಣ್ಣನ್ನು ಛಾವಣಿಗೆ ಹಾಯಿಸಬೇಡಿ. ಪ್ರಶ್ನೆಯ ಕಾರ್ಡು, ಒಂದು ನಿಮಿಷದಲ್ಲಿ ನೀವೇ ಬರೆದುಕೊಂಡ ಟಿಪ್ಪಣಿ, ಎರಡೂ ನಿಮ್ಮ ಮುಂದೆಯೇ ಇರುತ್ತವೆ. ಇನ್ನೂ ಮುಟ್ಟದ ಸಾಲು ಯಾವುದು ಅಂತ ನೋಡಿ, ಅಲ್ಲಿಂದ ಶುರು ಮಾಡಿ.

ಆ ಹುಡುಗಿ ಎರಡನೇ ಸಲ ಬರೆಯುವ ಮುಂಚೆ ನಾವು ಒಂದು ವಾರ ಇದನ್ನೇ ಮಾಡಿದೆವು. ನಾನು ಬೇಕಂತಲೇ ಒಂದು ಪದ ನುಂಗಿ ಪ್ರಶ್ನೆ ಕೇಳುತ್ತಿದ್ದೆ. ಅವಳು ಯಾವ ಪದ ಅಂತ ಹಿಡಿದು ಕೇಳಬೇಕಿತ್ತು. ಮೊದಲ ದಿನ ಸುಮ್ನೆ ತಲೆಯಾಡಿಸಿ ಏನೋ ಉತ್ತರ ಕೊಟ್ಟಳು. ನಾಲ್ಕನೇ ದಿನ ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು, ನಾನು ಏನೋ ಗೊಣಗಿದ್ದಕ್ಕೆ ತಿರುಗಿ ಕೇಳಿದಳು: "ಸಾರಿ ಮೇಡಂ, ನಾಳೆ ಅಂದ್ರಾ, ನಾಡಿದ್ದು ಅಂದ್ರಾ?"