ಫಸ್ಟ್ ಲೇಯರ್ ಸೂಪರ್ ಇತ್ತು, ಆದ್ರೂ ಪೀಸ್ ವಾಪಸ್ ಬಂತು

ಪೀಣ್ಯದಲ್ಲಿ ಒಂದು ಚಿಕ್ಕ ಜಾಬ್ ಶಾಪಲ್ಲಿ ನಾನು ತ್ರೀಡಿ ಪ್ರಿಂಟರ್ ನೋಡ್ಕೊಳ್ಳೋದು, ನಾಲ್ಕು ಮಷೀನು, ಎಲ್ಲಾ ಬೆಡ್ ಹಿಂದೆ ಮುಂದೆ ಓಡೋ ಟೈಪು, ಬೆಡ್ ಕೆಳಗೆ ನಾಲ್ಕು ಸ್ಪ್ರಿಂಗು ನಾಲ್ಕು ನಾಬು. ಬೆಡ್ಡಿನ ಎತ್ತರ ಅಳೆಯೋ ಪ್ರೋಬ್ ಹಾಕ್ಸಿದ ಮೇಲೆ ನಾಬ್ ಮುಟ್ಟೋದೇ ಬಿಟ್ಟಿದ್ದೆ. ಪ್ರತಿ ಪ್ರಿಂಟಿಗೂ ಮುಂಚೆ ಬೆಡ್ ಅಳೆಯೋ ಕಮಾಂಡು G29 ಓಡುತ್ತಲ್ಲ, ಇನ್ಯಾಕೆ ನಾಝಲ್ ಕೆಳಗೆ ಪೇಪರ್ ಹಿಡ್ಕೊಂಡು ಒದ್ದಾಡೋದು ಅಂತ.

ಒಬ್ಬ ಕಸ್ಟಮರಿಗೆ ಫಿಕ್ಸ್ಚರ್ ಬೇಸು, 180 ಮಿಮೀ ಉದ್ದ, 25 ಮಿಮೀ ಎತ್ತರ, ಒಟ್ಟು 14 ಪೀಸು. ತಳ ನೋಡಿದ್ರೆ ಕನ್ನಡಿ ಥರ, ಒಂದು ಮೂಲೆನೂ ಎದ್ದಿಲ್ಲ. ಅವರ ಇನ್ಸ್‌ಪೆಕ್ಷನ್‌ನವರು ಫೋನ್ ಮಾಡಿ "ಏನ್ ಸಾರ್ ಇದು, ಮೇಲಿಟ್ಟ ಪಾರ್ಟ್ ಓರೆಯಾಗಿ ಕೂರುತ್ತೆ" ಅಂದ್ರು. ವಾಪಸ್ ಬಂದ ಮೇಲೆ ವರ್ನಿಯರ್ ಹಿಡಿದು ನೋಡಿದ್ರೆ ಎಡಗಡೆ 25.27, ಬಲಗಡೆ 24.73. ಅರ್ಧ ಮಿಮೀಗಿಂತ ಜಾಸ್ತಿ ಇಳಿಜಾರು! ಮೊದಲು ನಾನು ಸ್ಲೈಸರ್‌ನೇ ಬೈದೆ.

ಆಮೇಲೆ ಬೆಡ್ ಬಿಸಿ ಮಾಡಿ, ಹತ್ತು ನಿಮಿಷ ಬಿಟ್ಟು, ಬೆಡ್ ಎಲ್ಲೆಲ್ಲಿ ಎಷ್ಟು ಎತ್ತರ ಅಂತ ತೋರಿಸೋ ಮೆಶ್ ನಂಬರ್ ತೆಗೆದೆ.

```
G28
G29
M420 V1
```

ಎಡ ತುದಿಯಲ್ಲಿ ಸುಮಾರು -0.30, ಬಲ ತುದಿಯಲ್ಲಿ +0.30, ಮಧ್ಯದಲ್ಲಿ ಸೊನ್ನೆ ಹತ್ರ. ಅಂದ್ರೆ ಬೆಡ್ಡಿನ ಡೊಂಕಲ್ಲ ಇದು, ಇಡೀ ಬೆಡ್ಡೇ 200 ಮಿಮೀಗೆ 0.6 ವಾಲಿದೆ. ಪ್ರೋಬ್ ಅದನ್ನ ಸರಿಯಾಗೇ ಅಳೆದಿದೆ, ನಾಝಲ್ ಆ ಇಳಿಜಾರಿನ ಮೇಲೇ ಹತ್ತಿ ಇಳಿದು ಫಸ್ಟ್ ಲೇಯರ್ ಚೆನ್ನಾಗಿ ಹಾಕಿದೆ. ಆದ್ರೆ ಮಷೀನ್ ಓಡಿಸೋ ನಮ್ಮ ಮಾರ್ಲಿನ್ ಸಾಫ್ಟ್‌ವೇರ್‌ನಲ್ಲಿ ಫೇಡ್ ಹೈಟ್ 10 ಮಿಮೀ ಇಟ್ಟಿದ್ದು, ಅಷ್ಟು ಎತ್ತರ ಹೋಗೋದ್ರೊಳಗೆ ಆ ತಿದ್ದುಪಡಿನ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ ಸೊನ್ನೆಗೆ ತರುತ್ತೆ. ಹಂಗಾಗಿ ತಳ ಬೆಡ್ಡಿನ ಜೊತೆ ಓರೆ, ಮೇಲ್ಭಾಗ ನಾಝಲ್ ಓಡೋ ಅಡ್ಡಪಟ್ಟಿ ಅಂದ್ರೆ ಗ್ಯಾಂಟ್ರಿ ಜೊತೆ ನೇರ, ಪೀಸ್ ಆಪಿನ ಥರ ಆಯ್ತು. ಫೇಡ್ ಆಫ್ ಮಾಡಿದ್ರೆ ಸರಿಹೋಗುತ್ತಾ ಅಂದ್ರೆ ಇಲ್ಲ, ಆಗ ತಳ ಮೇಲು ಸಮ ಇರುತ್ತೆ ಆದ್ರೆ ಗೋಡೆ ವಾಲುತ್ತೆ, ಇದೇ ವಾಲಿಗೆ 100 ಮಿಮೀ ಎತ್ತರದ ಪೀಸು ತುದಿಯಲ್ಲಿ 0.3 ಮಿಮೀ ಪಕ್ಕಕ್ಕೆ ಹೋಗಿರುತ್ತೆ.

ಈಗ ಪ್ರಶ್ನೆ, ಯಾವಾಗ್ಲೋ ನೀಟಾಗಿ ಸೆಟ್ ಮಾಡಿದ್ದ ಬೆಡ್ ಯಾಕೆ ವಾಲಿತು. ಬಲಗಡೆ ಎರಡೂ ನಾಬ್ ಲೂಸಾಗಿತ್ತು, ಬೆರಳ ತುದಿಯಲ್ಲೇ ತಿರುಗೋಷ್ಟು. ಸ್ಪ್ರಿಂಗ್ ಹಳೇದಾದ್ರೆ ಒತ್ತಡ ಕಮ್ಮಿ, ನಾಬ್ ಹಿಡ್ಕೊಳ್ಳೋಕೆ ಆ ಒತ್ತಡವೇ ಆಧಾರ, ಮೇಲಿಂದ ಬೆಡ್ ದಿನಾ ಸಾವಿರಾರು ಸಲ ಜೋರಾಗಿ ಹಿಂದೆ ಮುಂದೆ ಹೊಡ್ಕೊಳ್ಳುತ್ತೆ, ಜೊತೆಗೆ ನಮ್ಮ ಹುಡುಗ ಪೀಸ್ ಕೀಳುವಾಗ ಯಾವಾಗ್ಲೂ ಅದೇ ಬಲಗಡೆ ಕೈ ಊರಿ ಪಟ್ಟಿ ತೂರಿಸಿ ಎಬ್ಬಿಸ್ತಿದ್ದ. ನಾಬ್ ಸಡಿಲ ಆದ್ರೆ ಸ್ಪ್ರಿಂಗ್ ತಳ್ಳಿ ಆ ಕಡೆ ಬೆಡ್ ಮೇಲಕ್ಕೆ ಬರುತ್ತೆ. ನಮ್ಮ ಸ್ಕ್ರೂ ಎಂ4, ಒಂದು ಸುತ್ತಿಗೆ 0.7 ಮಿಮೀ, ಅರ್ಧ ಸುತ್ತು ಜಾರಿದ್ರೆ 0.35 ಹೋಯ್ತು.

ಉಳಿದ 0.25? ಇಲ್ಲೇ ನಾನು ಅರ್ಧ ದಿನ ಕಳೆದಿದ್ದು. ಪ್ರೋಬ್ ಕೂತಿರೋದು ಗ್ಯಾಂಟ್ರಿ ಮೇಲೆ, ಹಂಗಾಗಿ ಗ್ಯಾಂಟ್ರಿ ಬಲಗಡೆ ಇಳಿದ್ರೂ ಅದಕ್ಕೆ ಬೆಡ್ ಎದ್ದಂಗೇ ಕಾಣುತ್ತೆ, ಎರಡಕ್ಕೂ ವ್ಯತ್ಯಾಸ ಹೇಳೋಕೆ ಅದಕ್ಕೆ ಬರಲ್ಲ. ಈ ಮಷೀನಲ್ಲಿ ಲೀಡ್ ಸ್ಕ್ರೂ ಎಡಗಡೆ ಒಂದೇ, ಬಲಗಡೆ ಬರೀ ಚಕ್ರದ ಮೇಲೆ ಸವಾರಿ. ಫ್ರೇಮ್ ಮೇಲೆ ಎರಡೂ ಕಡೆ ಒಂದೇ ಅಳತೆ ಬ್ಲಾಕ್ ಇಟ್ಟು ಗ್ಯಾಂಟ್ರಿ ಇಳಿಸಿದೆ, ಬಲಗಡೆ ತಾಗಿದಾಗ ಎಡಗಡೆ 0.25 ಫೀಲರ್ ಸಲೀಸಾಗಿ ತೂರಿತು. ಬಲಗಡೆ ಚಕ್ರ ಬಿಗಿ ಮಾಡೋ ಎಕ್ಸೆಂಟ್ರಿಕ್ ನಟ್ ಲೂಸು, ಚಕ್ರ ಕೈಯಲ್ಲಿ ಸುಮ್ನೆ ತಿರುಗ್ತಿತ್ತು.

ಮೊದಲು ಗ್ಯಾಂಟ್ರಿ ಸಮ ಮಾಡಿ ಆ ನಟ್ ಬಿಗಿ ಮಾಡಿದೆ, ಆಮೇಲೆ ಸ್ಪ್ರಿಂಗ್ ಬದಲಾಯಿಸಿ, ಬೆಡ್ ಬಿಸಿ ಇರೋವಾಗ್ಲೇ ನಾಲ್ಕೂ ಮೂಲೆ ಪೇಪರಲ್ಲಿ ಎರಡು ರೌಂಡು, ಯಾಕಂದ್ರೆ ಒಂದು ಮೂಲೆ ತಿರುಗ್ಸಿದ್ರೆ ಎದುರಿನ ಮೂಲೆನೂ ಅಲುಗುತ್ತೆ. ಕೊನೆಗೆ G29. ಈಗ ಅತಿ ಎತ್ತರ ಅತಿ ತಗ್ಗಿನ ವ್ಯತ್ಯಾಸ 0.11, ಅದು ಪ್ಲೇಟಿನ ಮಧ್ಯದ ತಗ್ಗು. ಅದಕ್ಕೆ ನಾಬಲ್ಲಿ ಔಷಧಿ ಇಲ್ಲ, ಅಲ್ಲಿ ಮೆಶ್ ಬೇಕೇ ಬೇಕು.

14 ಪೀಸ್ ನಮ್ಮ ಖರ್ಚಲ್ಲೇ ಮತ್ತೆ ಹೊಡೆದ್ವಿ, ಯಜಮಾನ್ರು ಎರಡು ದಿನ ಮಾತಾಡ್ಲಿಲ್ಲ. ಈಗ ಪ್ರತಿ ನಾಬಿಗೂ ವೈಟ್ನರಲ್ಲಿ ಒಂದು ಗೆರೆ, ಸೋಮವಾರ ಬೆಳಿಗ್ಗೆ ನಾಲ್ಕೂ ಮಷೀನಿನ ಎಡ ಬಲ ನಂಬರ್ ಗೋಡೆ ಮೇಲಿನ ಹಾಳೆಗೆ ಬರೀತೀನಿ, ವ್ಯತ್ಯಾಸ 0.2 ದಾಟಿದ್ರೆ ಆ ಮಷೀನಿಗೆ ಅವತ್ತು ಜಾಬ್ ಇಲ್ಲ. ಹೋದ ವಾರ ಮೂರನೇದು 0.24 ತೋರಿಸ್ತು, ಬಗ್ಗಿ ನೋಡಿದ್ರೆ ಗೆರೆ ಎಲ್ಲಾ ಇದ್ದಲ್ಲೇ ಇದೆ, ಸೀದಾ ಗ್ಯಾಂಟ್ರಿ ಚಕ್ರಕ್ಕೆ ಸ್ಪ್ಯಾನರ್ ತಗೊಂಡೆ.